ದವಾಖಾನೆಯ ಬಟ್ಟೆಗೆ ಕಳ್ಳಕಿಸೆ

1995ರಲ್ಲಿ ನಾನು ಸಾಲಿ ಬಿಟ್ಟೆ. ಏಳನೇ ಕ್ಲಾಸು, ಅದೂ ಅರ್ಧಕ್ಕೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಸುರಪುರದಲ್ಲಿ ನಮ್ಮ ಸೋದರಮಾವನ ಹೊಲಿಗೆ ಅಂಗಡಿ ಸಾಲಿಗಿಂತ ಮನೆಗೆ ಹತ್ತಿರ ಇತ್ತು, ಅಲ್ಲಿ ರೇಡಿಯೋ ಇತ್ತು, ಮತ್ತು ಮುಂಜಾನೆ ಶುರು ಮಾಡಿದ ಕೆಲಸ ಸಂಜೆಗೆ ಒಂದು ಅಂಗಿಯಾಗಿ ಹ್ಯಾಂಗರಿಗೆ ತೂಗುತ್ತಿತ್ತು. ಸಾಲಿಯಲ್ಲಿ ಸಂಜೆಗೆ ಏನೂ ತೂಗುತ್ತಿರಲಿಲ್ಲ.

ಮಾವನ ಅಂಗಡಿಯ ಹೆಸರು ಸುತ್ತ ಹಳ್ಳಿಗಳಲ್ಲಿ ಓಡಾಡಿದ್ದು ಒಂದೇ ಕಾರಣಕ್ಕೆ, ಅದು ಕಳ್ಳಕಿಸೆ. ಅಂಗಿಯ ಒಳಮೈಗೆ, ಸೊಂಟದ ಪಟ್ಟಿಯ ಹಿಂದೆ, ಹೊರಗಿನಿಂದ ಹೊಲಿಗೆಯ ಗೆರೆ ಸಹ ಕಾಣದಂತೆ ಕೂಡಿಸುವ ಕಿಸೆ ಅದು. ಯಾದಗಿರಿ ಗಂಜಿನಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ತೊಗರಿ ಮಾರಿದವನು ದುಡ್ಡು ಅದರಲ್ಲಿ ಇಟ್ಟು, ಬಸ್ಸಿನ ನೂಕಾಟದಲ್ಲಿ ಆರಾಮಾಗಿ ನಿದ್ದೆ ಹೊಡೆಯುತ್ತ ಊರಿಗೆ ಹೋಗಬಹುದು. ಕೊಂಕಲ್ಲಿನ ಗೌಡರೊಬ್ಬರು ಅಂಗಿ ಒಯ್ಯಲು ಬಂದರೆ ಕಾಲರ್ ನೋಡುತ್ತಿರಲಿಲ್ಲ, ತೋಳು ನೋಡುತ್ತಿರಲಿಲ್ಲ, ನೇರ ಒಳಗೆ ಕೈ ಹಾಕುತ್ತಿದ್ದರು. "ಇದು ಇಲ್ಲಂದ್ರ ಅಂಗಿ ಅಲ್ಲೋ ತಮ್ಮಾ, ಧ್ವಜ ಅದು. ಹಾರಿಸಬೇಕು ಅಷ್ಟ" ಅನ್ನುತ್ತಿದ್ದರು.

ಮುಂದೆ ನಾನು ಶಹಾಪುರದಲ್ಲಿ ಸ್ವಂತ ಅಂಗಡಿ ಹಾಕಿದಾಗ ಆ ವಿದ್ಯೆಯನ್ನೂ ಜೊತೆಗೆ ತಂದೆ. ಕೇಳಿದವರಿಗೂ ಕೇಳದವರಿಗೂ ಕಳ್ಳಕಿಸೆ ಕೂಡಿಸಿ ಕೊಡುತ್ತಿದ್ದೆ. ಬೇರೆ ಟೇಲರ್‌ಗಳು ಕ್ಯಾಲೆಂಡರ್ ಕೊಡುತ್ತಿದ್ದರು, ನಾನು ಕಿಸೆ ಕೊಡುತ್ತಿದ್ದೆ.

ಆಮೇಲೆ ರೆಡಿಮೇಡ್ ಬಂತು. ಮೊದಲು ಹುಡುಗರು ಹೋದರು, ಹಿಂದಿನಿಂದ ಅವರ ಅಪ್ಪಂದಿರು ಹೋದರು. ಅಂಗಡಿಯಲ್ಲಿ ಉಳಿದದ್ದು ನನ್ನ ಹೆಂಡತಿ ಹೊಲಿಯುವ, ಸೀರೆಯ ಮೇಲೆ ತೊಡುವ ಜಂಪರುಗಳು, ಜೂನ್ ತಿಂಗಳ ಸಾಲಿ ಯೂನಿಫಾರ್ಮು, ಮತ್ತು ರೆಡಿಮೇಡ್ ಪ್ಯಾಂಟಿನ ಕಾಲು ಕತ್ತರಿಸಿ ಗಿಡ್ಡ ಮಾಡುವ ಕೆಲಸ. ಆ ಕೊನೆಯ ಕೆಲಸ ಮಾಡುವಾಗ ನಾನು ಬಾಗಿಲಿಗೆ ಬೆನ್ನು ಮಾಡಿ ಕೂಡುತ್ತಿದ್ದೆ. ಹೈದರಾಬಾದಿನ ಗಾರ್ಮೆಂಟ್ ಫ್ಯಾಕ್ಟರಿಗೆ ಬಾ ಅಂತ ಹಳೆಯ ಗೆಳೆಯನೊಬ್ಬ ಕರೆಯುತ್ತಲೇ ಇದ್ದ. ಅಂದರೆ ಇನ್ನೊಬ್ಬರ ಮಷೀನಿನ ಮುಂದೆ ಕುಂತು ದಿನವಿಡೀ ಬರೇ ಎಡಗಡೆಯ ತೋಳು ಹೊಲಿಯುವುದು.  ಹೆಂಡತಿ ನನ್ನ ಬಟ್ಟೆ ಇಡುವ ಟ್ರಂಕನ್ನು ಒಂದು ದಿನ ಒರೆಸಿ ಇಟ್ಟಿದ್ದಳು.

ಆಗ ಯಾದಗಿರಿಯಲ್ಲಿ ಹೊಸ ಖಾಸಗಿ ದವಾಖಾನೆ ಶುರುವಾಗುತ್ತಿತ್ತು. ಹೆಂಡತಿಯ ಹತ್ತಿರ ಜಂಪರು ಹೊಲಿಸುವ ಒಬ್ಬ ನರ್ಸು ಸುದ್ದಿ ತಂದಳು. ಅಲ್ಲಿನ ಎಲ್ಲರ ಬಟ್ಟೆಯನ್ನೂ ಒಬ್ಬರೇ ಟೇಲರ್‌ಗೆ ಕೊಡುತ್ತಾರಂತೆ. ಅಂಥವರು ಸಿಗದಿದ್ದರೆ ಹೈದರಾಬಾದಿನ ರೆಡಿಮೇಡ್ ತರಿಸುತ್ತಾರಂತೆ. ಇದು ಸಿಕ್ಕರೆ ನನ್ನ ಅಂಗಡಿ ಉಳಿಯುತ್ತದೆ, ಸಿಗದಿದ್ದರೆ ಟ್ರಂಕು ಹೊರಡುತ್ತದೆ. ಮರುದಿನವೇ ಟೇಪು ಕೊರಳಿಗೆ ಹಾಕಿಕೊಂಡು ಭೀಮಾ ನದಿ ದಾಟಿ ಯಾದಗಿರಿಗೆ ಹೋದೆ.

ಅಲ್ಲಿ ಎಲ್ಲ ನೋಡಿಕೊಳ್ಳುವವರು ನರ್ಸುಗಳ ಮೇಲಿನ ನರ್ಸು. ಎಲ್ಲರೂ ಅವರಿಗೆ ದೊಡ್ಡ ಸಿಸ್ಟರ್ ಅನ್ನುತ್ತಿದ್ದರು, ನಾನೂ ಹಂಗೇ ಅಂದೆ. ಅವರು ಮಾತು ಕಡಿಮೆ ಮಾಡಿ ಮೂರು ಬಟ್ಟೆ ಹೇಳಿದರು. ನರ್ಸುಗಳಿಗೆ ಸ್ಕ್ರಬ್ಸು, ಅಡಿಗೆ ಮನೆಯವರಿಗೆ ಬಿಳಿ ಕೋಟು, ಜನರೇಟರ್ ನೋಡುವವರಿಗೆ ಅಂಗಿ-ಪ್ಯಾಂಟು ಒಂದೇ ಆಗಿರುವ ಓವರಾಲು. ಒಂದೊಂದು ಸ್ಯಾಂಪಲ್ ಹೊಲಿದು ಕೊಡಬೇಕು, ಹಾಕಿಕೊಳ್ಳುವವರು ಹಾಕಿಕೊಂಡು ಕೆಲಸ ಮಾಡಬೇಕು, ಆಮೇಲೆ ಅದು ದವಾಖಾನೆಯ ಲಾಂಡ್ರಿಯಲ್ಲಿ ಒಗೆದು ಬರಬೇಕು.

"ನಿಮ್ಮ ಹೊಲಿಗಿ ಛಲೋ ಇರಬಹುದ್ರಿ ಮಾಸ್ತರ. ನಮಗ ಬಟ್ಟಿ ದುಡೀಬೇಕು" ಅಂದರು.

ಮಾದರಿಗೆ ಅಂತ ಒಂದು ಹಳೆಯ ಸ್ಕ್ರಬ್ಸು ಕೈಗಿಟ್ಟರು. ತಿರುಗಿಸಿ ಮುರುಗಿಸಿ ನೋಡಿದೆ. ಕಾಲರ್ ಇಲ್ಲ, ಗುಂಡಿ ಇಲ್ಲ, ತೋಳು ಅರ್ಧ, ಕೊರಳು ತ್ರಿಕೋನ, ಪೈಜಾಮಕ್ಕೆ ಲಾಡಿ.

"ಸಿಸ್ಟರ್, ಇದಕ್ಕ ಟೇಲರ್ ಯಾಕ ಬೇಕ್ರಿ? ಗೋಣಿಚೀಲ ಹೊಲಿಯವ ಸಾಕಲ್ಲ" ಅಂದೆ. "ನಾ ಒಂದು ಕಾಲರ್ ಹಚ್ಚಿ, ತುಂಬು ತೋಳು ಇಟ್ಟು, ಎದಿಮ್ಯಾಲ ಒಂದು ಕಿಸಿ ಕೊಡ್ತೀನಿ. ನೋಡ್ದವ್ರು ನಿಂತು ನೋಡಬೇಕು."

ಅವರು ನಗಲಿಲ್ಲ, ಸಿಟ್ಟೂ ಆಗಲಿಲ್ಲ. ನನ್ನನ್ನು ನಳದ ಹತ್ತಿರ ಒಯ್ದು, "ಮೊಣಕೈತನ ಸಾಬೂನು ಹಚ್ಚಿ ತೊಳ್ಕೊಳ್ರಿ" ಅಂದರು. ನಾನು ಹಾಕಿದ್ದು ನಾನೇ ಹೊಲಿದ ತುಂಬು ತೋಳಿನ ಅಂಗಿ. ಎಷ್ಟು ಮೇಲೆ ಸರಿಸಿದರೂ ತೋಳಿನ ಪಟ್ಟಿ ಜಾರಿ ನೀರಿಗೆ ಬಿತ್ತು.

"ಈ ಹಸಿ ಪಟ್ಟಿ ಈಗ ಒಬ್ಬರ ಗಾಯಕ್ಕ ತಾಗತದ, ಅಲ್ಲಿಂದ ಎದ್ದು ಇನ್ನೊಬ್ಬರ ಗಾಯಕ್ಕ ಹೋಗತದ. ಅದಕ್ಕ ತೋಳು ಅರ್ಧ" ಅಂದರು. ಆಮೇಲೆ ಖಾಲಿ ಮಂಚದ ಮೇಲೆ ಬಾಗಿ ದಿಂಬು ಸರಿ ಮಾಡಲು ಹೇಳಿದರು. ಬಾಗಿದೆ. ಎದೆಯ ಕಿಸೆಯಿಂದ ಪೆನ್ನು, ಸೀಮೆಸುಣ್ಣ, ಕನ್ನಡಕದ ಡಬ್ಬಿ ಮೂರೂ ದಿಂಬಿನ ಮೇಲೆ ಬಿದ್ದವು.

"ಅಲ್ಲಿ ಒಬ್ಬ ಮನಷ್ಯಾ ಮಲಗಿರ್ತಾನ್ರಿ" ಅಂದರು. "ಅದಕ್ಕ ಕಿಸಿ ಕೆಳಗ."

ಗುಂಡಿ ಯಾಕೆ ಬೇಡ ಅಂತ ನಾನೇ ಕೇಳಿದೆ. ಸೋತವನು ಪೂರ್ತಿ ಸೋತುಬಿಡುವುದು ಛಲೋ. ಗುಂಡಿ ಸಲೈನಿನ ನಳಿಕೆಗೆ ಸಿಕ್ಕುತ್ತದೆ, ರೋಗಿಯನ್ನು ಎತ್ತುವಾಗ ಗೀರುತ್ತದೆ, ಕುದಿನೀರಿನ ಒಗೆತಕ್ಕೆ ಒಡೆಯುತ್ತದೆ. ಕೊರಳು ತ್ರಿಕೋನ ಇದ್ದರೆ ಗುಂಡಿಯಿಲ್ಲದೆ ತಲೆಯಿಂದ ಇಳಿಸಿಕೊಳ್ಳಬಹುದು. ಕುದಿನೀರಿಗೆ ಇಲಾಸ್ಟಿಕ್ ಬೇಗ ಸಾಯುತ್ತದೆ, ಲಾಡಿಯಾದರೆ ಸತ್ತರೂ ಹೊಸದು ಪೋಣಿಸಬಹುದು. ಪಕ್ಕದಲ್ಲಿ ಸೀಳು ಬಿಟ್ಟರೆ ನೆಲದ ಮೇಲೆ ಕುಂತು ಏಳಬಹುದು. ಆಪರೇಷನ್ ಕೋಣೆಯವರಿಗೆ ಹಸಿರು ಯಾಕೆ ಅನ್ನುವುದನ್ನೂ ಹೇಳಿದರು. ಬಹಳ ಹೊತ್ತು ಕೆಂಪು ನೋಡಿದ ಕಣ್ಣು ಬಿಳಿಯ ಕಡೆ ತಿರುಗಿದರೆ ಅಲ್ಲಿ ಹಸಿರು ಕಲೆಗಳು ತೇಲುತ್ತವಂತೆ. ಬಟ್ಟೆಯೇ ಹಸಿರಾದರೆ ಕಣ್ಣಿಗೆ ಆ ತೊಂದರೆ ಇಲ್ಲ. ಮನೆಗೆ ಬಂದು ಕೆಂಪು ಜಂಪರಿನ ಬಟ್ಟೆಯನ್ನು ದಿಟ್ಟಿಸಿ ನೋಡಿ ಗೋಡೆಯ ಕಡೆ ತಿರುಗಿದೆ. ಖರೆ ಮಾತು. "ಏನ್ ಹುಡಕಾಕತ್ತೀರಿ ಗ್ವಾಡಿಮ್ಯಾಲ?" ಅಂತ ಹೆಂಡತಿ ಕೇಳಿದಳು.

ಅಡಿಗೆಯವನು ಹೈದರಾಬಾದಿನ ದೊಡ್ಡ ಹೋಟೆಲಿನಲ್ಲಿ ಇದ್ದು ಬಂದವನು. ದೇಹ ದೊಡ್ಡದು, ಮಾತು ಅದಕ್ಕಿಂತ ದೊಡ್ಡದು. ಅಳತೆ ಕೊಡುವಾಗ ಹೊಟ್ಟೆ ಒಳಗೆ ಎಳೆದುಕೊಂಡ.

"ಉಸಿರು ಬಿಡ್ರಿ ಅಣ್ಣಾರ, ಕೋಟಿನಾಗೂ ನೀವು ಉಸಿರಾಡಬೇಕು" ಅಂದೆ.

"ಕಪಡಾ ಸೂತಿ ಇರಬೇಕು ನೋಡ್ರಿ ಮಾಸ್ತರ, ಬರೇ ಹತ್ತೀದು, ಟೆರಿಕಾಟ್ ತಂದ್ರ ನಿಮ್ಮನ್ನ ಹುರೀತೀನಿ" ಅಂತ ಮೊಣಕೈ ಕೆಳಗಿನ ಸುಟ್ಟ ಗಾಯದ ಗುರುತು ತೋರಿಸಿದ. ಬೆಂಕಿ ತಾಗಿದರೆ ಟೆರಿಕಾಟು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಅವನ ಕೋಟಿಗೆ ತೋಳು ಉದ್ದ ಬೇಕು, ಎಣ್ಣೆ ಸಿಡಿಯುತ್ತದಲ್ಲ. ಒಂದೇ ಕಟ್ಟಡದಲ್ಲಿ ಒಬ್ಬರಿಗೆ ಉದ್ದ ತೋಳು ಅಪಾಯ, ಇನ್ನೊಬ್ಬರಿಗೆ ಗಿಡ್ಡ ತೋಳು ಅಪಾಯ. ಎದೆಯ ಮೇಲೆ ಎರಡು ಪದರ, ಎರಡೂ ಕಡೆ ಗುಂಡಿ ಸಾಲು. ಪದರ ಎರಡಾದ್ದರಿಂದ ಕಾವು ತಡೆಯುತ್ತದೆ. ಮೇಲಿನ ಪದರಕ್ಕೆ ಸಾರು ಸಿಡಿದರೆ ಅದನ್ನು ಒಳಗೆ ಹಾಕಿ ಒಳಗಿನದನ್ನು ಮೇಲೆ ತಂದು ಗುಂಡಿ ಹಾಕಿಕೊಂಡರೆ ಮತ್ತೆ ಹೊಸ ಕೋಟು. "ದೊಡ್ಡ ಸಾಹೇಬ್ರು ಬಂದಾಗ ಪಲ್ಟಿ ಹೊಡಿಯೂದು" ಅಂದ. ಗುಂಡಿಗಳು ಪ್ಲಾಸ್ಟಿಕ್ಕಿನವಲ್ಲ, ಬಟ್ಟೆಯನ್ನೇ ಹಗ್ಗದಂತೆ ಹೊಸೆದು ಹಾಕಿದ ಗಂಟು. ಕುದಿನೀರಿಗೆ ಒಡೆಯುವುದಿಲ್ಲ, ಕಾವಿಗೆ ಕರಗುವುದಿಲ್ಲ. ಆ ಗಂಟುಗಳನ್ನು ನನ್ನ ಹೆಂಡತಿ ಹಾಕಿದಳು, ನನಗೆ ಬರಲಿಲ್ಲ.

ಜನರೇಟರ್ ನೋಡುವವರು ವಯಸ್ಸಾದವರು, ಮುದನಾಳದವರು. ನಾನು ಕಾಕಾ ಅನ್ನುತ್ತಿದ್ದೆ. ಅವರ ಓವರಾಲಿನ ಅಳತೆಯನ್ನು ಪ್ಯಾಂಟು-ಅಂಗಿಯ ಅಳತೆ ತೆಗೆದಂತೆ ತೆಗೆದು ಹೊಲಿದು ತೊಡಿಸಿದೆ. ಕನ್ನಡಿಯಲ್ಲಿ ಬಹಳ ಚೆಂದ ಕಂಡರು. ಆಮೇಲೆ ಇಂಜಿನ್ನಿನ ಕೆಳಗೆ ನೋಡಲು ಕುಕ್ಕರಗಾಲಲ್ಲಿ ಕುಂತರು. ಚರ್ ಅಂತು.

"ಮಾಸ್ತರ," ಅಂದರು ಕುಂತಲ್ಲಿಂದಲೇ, "ನೀ ನನ್ನ ನಿಂದ್ರಿಸಿ ಅಳದಿ. ನಾ ನಿಂತು ದುಡಿಯವ ಅಲ್ಲ."

ಎರಡನೇ ಸಲ ಅವರನ್ನು ಕುಕ್ಕರಗಾಲಲ್ಲಿ ಕುಂದ್ರಿಸಿಯೇ, ಹಿಂಗುತ್ತಿಗೆಯಿಂದ ತೊಡೆಸಂದಿ ಹಾಯಿಸಿ ಮುಂದಿನ ಕೊರಳ ತನಕ ಟೇಪು ಎಳೆದೆ. ಕೈ ಮೇಲೆತ್ತಿದರೂ ಎಳೆಯದಂತೆ ಬೆನ್ನಿನ ಎರಡೂ ಕಡೆ ನೆರಿಗೆ ಬಿಟ್ಟೆ. ಅಂಗಿ-ಪ್ಯಾಂಟು ಯಾಕೆ ಒಂದೇ ಅಂದರೆ, ಓಡುವ ಬೆಲ್ಟಿಗೆ ಸಿಗುವುದಕ್ಕೆ ಅಂಗಿಯ ಚುಂಗೇ ಇರಬಾರದು. ಮುಂಗೈ ಬಿಗಿ. ಮುಂದಿನ ಗುಂಡಿ ಸಾಲಿನ ಮೇಲೆ ಪಟ್ಟಿ ಮುಚ್ಚಿಗೆ, ಎಲ್ಲೂ ಕೊಕ್ಕೆ ಬೀಳಬಾರದು, ಲೋಹ ಹೊರಗೆ ಕಾಣಬಾರದು. ನಾನು ಪ್ಯಾಂಟಿನ ಕೆಳಗೆ ಚೆಂದಕ್ಕೆ ಅಂತ ಹೊರಮಡಿಕೆ ಇಟ್ಟಿದ್ದೆ. ಅವರು ಬಿಚ್ಚಿಸಿದರು. ವೆಲ್ಡಿಂಗ್ ಮಾಡುವಾಗ ಕಿಡಿ ಅದರಲ್ಲಿ ಹೋಗಿ ಕುಂದ್ರುತ್ತದಂತೆ. "ಕಾಲಿಗಿ ಒಲಿ ಕಟ್ಟಿದಂಗಾತು" ಅಂದರು.

ಹೀಗೆ ಮೂರೂ ಸ್ಯಾಂಪಲ್ ಹೊಲಿದು ಮುಗಿಸಿದೆ. ಮೂರಕ್ಕೂ, ಯಾರಿಗೂ ಹೇಳದೆ, ಕಳ್ಳಕಿಸೆ ಕೂಡಿಸಿದೆ. ಅವರು ಕೇಳಿರಲಿಲ್ಲ. ಕೇಳದೆ ಕೊಡುವುದೇ ಅದರ ಗಮ್ಮತ್ತು. ಹೈದರಾಬಾದಿನ ರೆಡಿಮೇಡಿನಲ್ಲಿ ಇದು ಎಲ್ಲಿ ಸಿಗಬೇಕು.

ಮೊದಲು ಎಲ್ಲ ನಾನು ಅಂದುಕೊಂಡಂತೆಯೇ ಆಯಿತು. ಸ್ಕ್ರಬ್ಸು ಹಾಕಿಕೊಂಡ ನರ್ಸು, ನಮಗೆ ಸುದ್ದಿ ತಂದವಳೇ, ಬೆರಳು ತಗುಲಿ ಕಿಸೆ ಕಂಡುಹಿಡಿದಳು. ಕೆಲಸದ ಹೊತ್ತಿಗೆ ಉಂಗುರ ಬಳೆ ತೆಗೆದಿಡಬೇಕು ಅವರು, ಇಡುವುದು ಎಲ್ಲಿ ಅನ್ನುವುದೇ ಅವರ ಚಿಂತೆ. ಉಂಗುರ ಅದರಲ್ಲಿ ಇಟ್ಟಳು. ತನ್ನ ಪೆನ್ನನ್ನೂ ಅದರಲ್ಲೇ ಇಟ್ಟಳು, ಯಾಕೆಂದರೆ ದವಾಖಾನೆಯಲ್ಲಿ ಡಾಕ್ಟರು ಒಮ್ಮೆ ಇಸಿದುಕೊಂಡ ಪೆನ್ನು ತಿರುಗಿ ಬರುವುದಿಲ್ಲ. ಉಳಿದ ನರ್ಸುಗಳೆಲ್ಲ ಬಂದು ಮುಟ್ಟಿ ನೋಡಿ, ನಮಗೂ ಇಂಥದೇ ಬೇಕು ಅಂದರಂತೆ. ಫೋನಿನಲ್ಲಿ ಅದನ್ನು ಕೇಳಿ ನಾನು ಅಂಗಡಿಯ ಕಟ್ಟೆಯ ಮೇಲೆ ಕುಂತು ಚಹಾ ತರಿಸಿ ಕುಡಿದೆ.

ಅದರ ಮಾರನೇ ದಿನ ದೊಡ್ಡ ಸಿಸ್ಟರ್ ಫೋನ್ ಮಾಡಿದರು. "ಒಮ್ಮಿ ಬಂದು ಹೋಗ್ರಿ. ಲಾಂಡ್ರಿಗಿ ಬರ್ರಿ."

ಲಾಂಡ್ರಿ ದವಾಖಾನೆಯ ಹಿಂದಿನ ಕೋಣೆ. ಅಲ್ಲಿ ನೋಡಿಕೊಳ್ಳುವ ಹೆಣ್ಣುಮಗಳು ನನ್ನ ಅಕ್ಕನ ವಯಸ್ಸಿನವರು, ಮೊಣಕೈ ತನಕ ರಬ್ಬರ್ ಕೈಗವಸು ಹಾಕಿದ್ದರು. ಒಂದು ಬೆಡ್‌ಶೀಟನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಬಿಡಿಸಿದರು. ಬಿಳಿಯ ಮೇಲೆ ಉದ್ದಗಲಕ್ಕೂ ನೀಲಿ. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಮತ್ತೊಂದು.

"ಹ್ಯಾಂಗದರಿ ಮಾಸ್ತರ ನಮ್ಮ ಹೊಸ ಡಿಜೈನು?" ಅಂದರು. "ಓಕಳಿ ಇನ್ನಾ ದೂರ ಅದ. ನೀವು ಮೊದಲ ಆಡಿಬಿಟ್ಟೀರಿ."

ಅವರು ಮಷೀನಿಗೆ ಹಾಕುವ ಮುಂಚೆ ಪ್ರತಿಯೊಂದು ಬಟ್ಟೆಯ ಪ್ರತಿಯೊಂದು ಕಿಸೆಯನ್ನೂ ನೋಡುತ್ತಾರೆ. ಈ ಸ್ಕ್ರಬ್ಸಿನ ಎರಡೂ ಕಿಸೆ ನೋಡಿದ್ದರು. ಮೂರನೆಯದು ಇದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನರ್ಸು ಉಂಗುರ ತೆಗೆದುಕೊಂಡಿದ್ದಳು, ಪೆನ್ನು ಮರೆತಿದ್ದಳು.

"ಗಿರಾಕಿಗಿ ಅನುಕೂಲ ಆಗಲಿ ಅಂತ ಹಾಕಿದ್ದೆರಿ ಅಕ್ಕಾರ" ಅಂದೆ. ದನಿಯಲ್ಲಿ ಸ್ವಲ್ಪ ಸೆಟೆದುಕೊಂಡೇ ಅಂದೆ. ಇಷ್ಟು ವರ್ಷ ಹೊಗಳಿಸಿಕೊಂಡ ಕೆಲಸ ಅದು.

"ನಾನೂ ನಿಮ್ಮ ಗಿರಾಕೀನ. ಹಾಕ್ಕೊಳ್ಳದ ಗಿರಾಕಿ" ಅಂದರು ಅವರು. "ಪೆನ್ನಿತ್ತು, ಬಚಾವಾದೆ. ಗಡಬಡದಾಗ ಯಾರರೆ ಸೂಜಿ ಇಟ್ಟು ಮರೆತಿದ್ರ? ಕಿಸಿ ಕಂಡ್ರ ನಾ ಹುಷಾರ್ ಇರ್ತೀನಿ. ಕಾಣದಿದ್ರ, ಬಟ್ಟಿ ಹಿಂಡಿದಾಗ ನನ್ನ ಕೈಯಾಗ ಹೋಗತದ. ಯಾರಿಗಿ ಚುಚ್ಚಿದ್ದು, ಅವರಿಗಿ ಏನ್ ಜಡ್ಡಿತ್ತು, ನಾ ಯಾರನ್ನ ಕೇಳಲಿ?"

 ಕಳ್ಳರಿಗೆ ಕಾಣದಿರಲಿ ಅಂತ ನಾನು ಕಲಿತದ್ದು. ಇಲ್ಲಿ ಕಾಣಬೇಕಾದವರಿಗೇ ಕಾಣದೆ ಹೋಗಿತ್ತು.

ದೊಡ್ಡ ಸಿಸ್ಟರ್ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ರೆಡಿಮೇಡಿನವರ ಬಟ್ಟೆ ಚಿತ್ರಗಳ ಬಣ್ಣದ ಪುಸ್ತಕ. "ನಾಳಿದ್ದು ಮುಂಜಾನಿ ಇವರಿಗಿ ಆರ್ಡರ್ ಕೊಡಬೇಕಂತ ಮಾಡೀನಿ. ಅದಕ್ಕಿಂತ ಮೊದಲ ನಿಮ್ಮ ಕಡಿಂದ ಏನರೆ ಬಂದ್ರ ನೋಡ್ತೀನಿ. ಆದ್ರ ಪಾಸ್ ಮಾಡೂದು ನಾ ಅಲ್ಲ. ಇವರು" ಅಂತ ಲಾಂಡ್ರಿಯ ಅಕ್ಕನ ಕಡೆ ತೋರಿಸಿದರು.

ಹೊರಗೆ ಬರುವಾಗ ನರ್ಸು ಓಡಿ ಬಂದಳು. ಬೈಸಿಕೊಂಡು ಕಣ್ಣು ಕೆಂಪಾಗಿದ್ದವು, ಆದರೂ ಕೇಳಿದಳು: "ಅಣ್ಣಾ, ಕಿಸಿ ತಗದ್ರ ನಮ್ಮ ಉಂಗುರ ಎಲ್ಲಿ ಇಡೂದು?"

ಮೂರೂ ಸ್ಯಾಂಪಲ್ ಚೀಲಕ್ಕೆ ಹಾಕಿಕೊಂಡು ಶಹಾಪುರದ ಬಸ್ಸು ಹತ್ತಿದೆ. ಅಂಗಡಿಗೆ ಬಂದು ಹೊಲಿಗೆ ಬಿಚ್ಚಲು ಕುಂತೆ. ಕಳ್ಳಕಿಸೆ ಕೂಡಿಸುವುದು ಕಷ್ಟ, ಬಿಚ್ಚುವುದು ಅದಕ್ಕಿಂತ ಕಷ್ಟ, ಎಳೆ ಕಾಣದಂತೆ ಹಾಕಿದವನು ನಾನೇ. ಹೆಂಡತಿಗೆ ಎಲ್ಲ ಹೇಳಿದೆ. ಬೆಡ್‌ಶೀಟಿನ ಮಾತಿಗೆ ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕಳು.

"ನಗೂದು ಆಮ್ಯಾಲ. ಉಂಗುರ ಎಲ್ಲಿ ಇಡಬೇಕು ಹೇಳು" ಅಂದೆ.

"ಕಿಸಿ ಬಟ್ಟಿಗೇ ಯಾಕ ಹಚ್ಚಬೇಕು?" ಅಂದಳು, ಕೈಯಲ್ಲಿಯ ಜಂಪರಿಗೆ ಹುಕ್ಕು ಹಾಕುತ್ತಲೇ. "ನಿಮ್ಮವ್ವ ಸಂಚಿ ಎಲ್ಲಿ ಕಟ್ಟತಿದ್ಳು? ಸೀರಿಗಿ ಹೊಲಿದಿದ್ಳೇನು?"

ನಮ್ಮವ್ವನ ಎಲೆ ಅಡಿಕೆಯ ಸಂಚಿ ಸೊಂಟದಲ್ಲಿ ಇರುತ್ತಿತ್ತು. ಸೀರೆ ಬದಲಾಗುತ್ತಿತ್ತು, ಸಂಚಿ ಬದಲಾಗುತ್ತಿರಲಿಲ್ಲ. ನಾನು ಕತ್ತರಿ ಕೆಳಗಿಟ್ಟೆ.

ಚಪ್ಪಟೆ ಸಂಚಿಯೊಂದನ್ನು ಮೆತ್ತನೆ ಬಟ್ಟೆಯಲ್ಲಿ ಹೊಲಿದೆ. ಬಾಯಿಗೆ ಮುಚ್ಚಳ, ಸೊಂಟಕ್ಕೆ ಕಟ್ಟುವ ಪಟ್ಟಿ. ಸ್ಕ್ರಬ್ಸಿನ ಒಳಗೆ ಮೈಗೆ ಕಟ್ಟಿಕೊಳ್ಳುವುದು. ಬಟ್ಟೆ ಲಾಂಡ್ರಿಗೆ ಹೋಗುತ್ತದೆ, ಸಂಚಿ ಅವರ ಜೊತೆ ಮನೆಗೆ ಹೋಗುತ್ತದೆ. ಸ್ಕ್ರಬ್ಸಿನ ಕೆಳಗಿನ ಕಿಸೆಗಳ ಬಾಯಿಗೆ ಬೇರೆ ಬಣ್ಣದ ಪಟ್ಟಿ ಹಚ್ಚಿದೆ, ದೂರದಿಂದಲೇ ಇಲ್ಲಿ ಕಿಸೆ ಇದೆ ಅಂತ ಕೂಗಬೇಕು. ಕೆಳಗಿನ ಮೂಲೆಗಳನ್ನು ಚೌಕ ಬಿಡದೆ ದುಂಡಗೆ ತಿರುಗಿಸಿದೆ. ಮೂಲೆಯಲ್ಲಿ ಕೂಡುವ ಕಸ ದುಂಡಿನಲ್ಲಿ ಕೂಡುವುದಿಲ್ಲ, ಒಂದು ಬೆರಳು ಆಡಿಸಿದರೆ ಖಾಲಿ. ಕಾಕಾನ ಓವರಾಲಿನ ಕಿಸೆಗಳಿಗೂ ಅದೇ ಪಟ್ಟಿ. ಅಡಿಗೆಯವನ ಕೋಟಿಗೆ ಎಡತೋಳಿನ ಮೇಲೆ ಪೆನ್ನು ಹಿಡಿಯುವಷ್ಟು ಒಂದೇ ಸಣ್ಣ ಕಿಸೆ, ಅದೂ ಎಲ್ಲರಿಗೂ ಕಾಣುವಂಥದ್ದು.

ಮರುದಿನ ನೇರ ಲಾಂಡ್ರಿಗೆ ಹೋದೆ. ಅಕ್ಕ ಕೈಗವಸು ತೆಗೆದು ಬರಿಗೈಯಲ್ಲಿ ಒಂದೊಂದನ್ನೂ ತಿರುವಿ ಹಾಕಿದರು. ಹೊಲಿಗೆಯ ಗೆರೆಗಳ ಮೇಲೆ ಬೆರಳು ಎಳೆದರು, ಸೊಂಟದ ಪಟ್ಟಿ ಹಿಂಡಿದರು, ಕೋಟಿನ ಎರಡು ಪದರದ ನಡುವೆ ಮೊಣಕೈ ತನಕ ಕೈ ಹಾಕಿದರು.

"ಎಲ್ಲಿ ಮುಚ್ಚಿಟ್ಟೀರಿ ಹೇಳಿಬಿಡ್ರಿ ಮಾಸ್ತರ. ನಿಮ್ಮ ಚಟ ಅಷ್ಟು ಲಗೂನ ಬಿಡಂಗಿಲ್ಲ."

"ಬಿಚ್ಚಿ ಬೆರಳು ನೋಯಾಕತ್ತಾವ್ರಿ ಅಕ್ಕಾರ. ಇನ್ನೊಂದು ಸಲ ಹಾಕೂ ಶಕ್ತಿ ಇಲ್ಲ."

ಮೂರನ್ನೂ ಕುದಿನೀರಿಗೆ ಹಾಕಿದರು. ಮಷೀನು ತಿರುಗುವ ತನಕ ನಾನು ಅಲ್ಲೇ ಸ್ಟೂಲಿನ ಮೇಲೆ ಕುಂತೆ. ಗಾಜಿನ ಹಿಂದೆ ನನ್ನ ಹೊಲಿಗೆ ತಲೆಕೆಳಗಾಗಿ ತಿರುಗುವುದನ್ನು ನೋಡುತ್ತ ಕೂಡುವುದು ಅಷ್ಟು ಸುಲಭ ಅಲ್ಲ. ಹೊರಗೆ ಬಂದಾಗ ಸ್ಕ್ರಬ್ಸು ಕುಗ್ಗಿರಲಿಲ್ಲ, ಹೆಂಡತಿಯ ಗಂಟುಗುಂಡಿ ಒಂದೂ ಸಡಿಲಾಗಿರಲಿಲ್ಲ, ಕಾಕಾನ ಓವರಾಲಿನ ನೆರಿಗೆ ನೆಟ್ಟಗಿತ್ತು. ಅಕ್ಕ ಸಂಚಿಯನ್ನು ಮಾತ್ರ ಎತ್ತಿ ನೋಡಿದರು. "ಇದು ನನ್ನ ಮಷೀನಿಗಿ ಬರಂಗಿಲ್ಲ ಹೌದಲ್ಲ?"

"ಬರಂಗಿಲ್ರಿ. ಅವರವರ ಮನ್ಯಾಗ ಅವರವರ ಒಗಿಬೇಕು."

ದೊಡ್ಡ ಸಿಸ್ಟರ್ ಬಂದು ಅಕ್ಕನ ಮುಖ ನೋಡಿದರು. "ಏನಂತೀರಿ?"

"ಕೊಡ್ರಿ ಇವರಿಗೇ" ಅಂದರು ಅಕ್ಕ. "ಆದ್ರ ಇನ್ನ ಮ್ಯಾಲ ಏನ್ ಹೊಸಾದು ಹೊಲಿದ್ರೂ ಮೊದಲು ನನ್ನ ಹತ್ರ ಬರಬೇಕು. ಹಾಕ್ಕೊಳ್ಳಾವ್ರ ಹತ್ರ ಆಮ್ಯಾಲ."

ಸಿಸ್ಟರ್ ಬಣ್ಣದ ಪುಸ್ತಕವನ್ನು ಇಸ್ತ್ರಿ ಟೇಬಲಿನ ಮೇಲೆ ಬಿಟ್ಟು ನನ್ನನ್ನು ಅಳತೆ ತೆಗೆಯಲು ಕರೆದುಕೊಂಡು ಹೋದರು. ಮೊದಲು ನಿಂತವಳು ಆ ನರ್ಸೇ. ಟೇಪು ಹಿಡಿದ ಕೂಡಲೇ, "ಸಂಚಿ ನನಗ ಎರಡು ಅಣ್ಣಾ" ಅಂದಳು.

ಅಕ್ಕನ ಆ ಕರಾರನ್ನು ನಾನು ಇವತ್ತಿಗೂ ಪಾಲಿಸುತ್ತೇನೆ. ಯಾರ ಯೂನಿಫಾರ್ಮು ಬಂದರೂ ಮೊದಲ ಪ್ರಶ್ನೆ, ಇದನ್ನು ಒಗೆಯುವವರು ಯಾರು ಅಂತ. ಎರಡನೆಯದು, ಇದನ್ನು ಹಾಕಿಕೊಂಡು ಹ್ಯಾಗೆ ಕೂಡುತ್ತೀರಿ ಅಂತ. ಒಂದು ಬೇಳೆ ಮಿಲ್ಲಿನವರು ಬಂದಾಗ ಕೋಟಿನ ಎದೆಗೆ ಕಿಸೆ ಬೇಡ, ಗುಂಡಿ ಬೇಡ, ಒತ್ತಿದರೆ ಕೂಡುವ ಬಟನ್ನು ಹಾಕೋಣ ಅಂತ ನಾನೇ ಮೊದಲು ಹೇಳಿದೆ. ಬಾಗಿದಾಗ ಪೆನ್ನು ಬೀಳಬಾರದು, ಗುಂಡಿ ಕಿತ್ತು ಬೇಳೆಯಲ್ಲಿ ಸೇರಬಾರದು. ಅವರೂ ಅದನ್ನೇ ಹೇಳಬೇಕು ಅಂತ ಬಾಯಿ ತೆರೆದಿದ್ದರು. ಕಳ್ಳಕಿಸೆ ಬಿಟ್ಟಿಲ್ಲ. ಗಂಜಿಗೆ ಹೋಗುವ ಹಿರಿಯರು ಇನ್ನೂ ಬಂದು ಹೊಲಿಸುತ್ತಾರೆ, ಅವರ ಅಂಗಿ ಒಗೆಯುವವರಿಗೆ ಅದು ಎಲ್ಲಿದೆ ಅಂತ ಚೆನ್ನಾಗಿ ಗೊತ್ತು.

ಈಗ ನನ್ನ ಹತ್ತಿರ ಇರುವುದು ಇಷ್ಟು: ಶಹಾಪುರದಲ್ಲಿ ಅಂಗಡಿ ಒಂದು. ಹೊಲಿಗೆ ಮಷೀನು ಆರು, ಅಂಚು ಹೊಲಿಯುವ ಓವರ್‌ಲಾಕ್ ಒಂದು, ಗುಂಡಿಯ ತೂತು ಹೊಲಿಯುವ ಕಾಜಾ ಮಷೀನು ಒಂದು. ಕೆಲಸಕ್ಕೆ ಹೆಣ್ಣುಮಕ್ಕಳು ಐದು ಜನ, ನನ್ನ ಹೆಂಡತಿ ಅವರಿಗೆಲ್ಲ ಮೇಸ್ತ್ರಿ. ಕಾಯಂ ಗಿರಾಕಿಗಳು ದವಾಖಾನೆ ಎರಡು, ಬೇಳೆ ಮಿಲ್ಲು ಎರಡು, ಹೋಟೆಲು ಒಂದು.